ಸಾವಿರ ಮಂದಿಗೆ ಧನ್ಯವಾದ, ಆವಿಗೆಯ ಲೆಕ್ಕದೊಂದಿಗೆ

ಬಾಡಿಗೆ ಮನೆಯ ಹಿಂಬದಿಯ ಕೋಣೆಯಲ್ಲೋ, ಕಾರು ನಿಲ್ಲಿಸುವ ಜಾಗದಲ್ಲೋ ನಡೆಯುವ ಸಣ್ಣ ಕುಂಬಾರಿಕೆ ಸ್ಟುಡಿಯೊಗಳು ಈಗ ನಮ್ಮ ನಗರಗಳಲ್ಲಿ ಸಾಕಷ್ಟಿವೆ. ಅಂಥ ಸ್ಟುಡಿಯೊ ಇನ್‌ಸ್ಟಾಗ್ರಾಂನಲ್ಲಿ ಮೊದಲ ಸಾವಿರ ಫಾಲೋವರ್‌ಗಳನ್ನು ಪಡೆದ ದಿನ ಒಂದು ಧನ್ಯವಾದದ ಪೋಸ್ಟ್ ಹಾಕುತ್ತದೆ. ತಿಗರಿಯ ಮೇಲೆ ಏಳುತ್ತಿರುವ ಹಸಿ ಪಾತ್ರೆಯ ಚಿತ್ರ, ಕೈಮುಗಿದ ಗುರುತು, ನಾಲ್ಕು ಸಾಲಿನ ಕೃತಜ್ಞತೆ, ಕೊನೆಗೆ ಒಂದು ಗಿವ್‌ಅವೇ ಅಥವಾ ರಿಯಾಯಿತಿ: ಮೂವರು ಗೆಳೆಯರನ್ನು ಟ್ಯಾಗ್ ಮಾಡಿ, ಒಂದು ಕಪ್ಪು ಗೆಲ್ಲಿ. ಕೃತಜ್ಞತೆ ಹೇಳುವುದು ಒಳ್ಳೆಯದೇ. ಆದರೆ ಆ ದಿನ ಸ್ಟುಡಿಯೊ ತನ್ನ ಸಾವಿರ ಮಂದಿಗೆ ಕೊಡಬೇಕಾದ್ದು ಉಚಿತ ಕಪ್ಪನ್ನಲ್ಲ, ತನ್ನ ಆವಿಗೆಯ ಲೆಕ್ಕವನ್ನು ಎಂಬುದು ನನ್ನ ವಾದ. ಒಂದು ಸುಡುವಿಕೆಗೆ ಎಷ್ಟು ಪಾತ್ರೆ ಒಳಗೆ ಹೋಗುತ್ತವೆ, ಎಷ್ಟು ಸರಿಯಾಗಿ ಹೊರಗೆ ಬರುತ್ತವೆ, ಉಳಿದವು ಏಕೆ ಕೆಡುತ್ತವೆ, ಕೆಟ್ಟದ್ದನ್ನು ಗುರುತಿಸುವುದು ಹೇಗೆ ಎಂಬುದನ್ನು ಬಲ್ಲವರು ಕುಂಬಾರರು ಮಾತ್ರ. ಕೊಳ್ಳುವವರಿಗೆ ಅದು ಗೊತ್ತಿಲ್ಲದ ಕಡೆಯೇ ಸಣ್ಣ ಸ್ಟುಡಿಯೊಗಳ ಬಹುತೇಕ ಮನಸ್ತಾಪಗಳು ಹುಟ್ಟುತ್ತವೆ.

ಸಾವಿರ ಎಂಬ ಸಂಖ್ಯೆಯನ್ನೇ ಮೊದಲು ಆವಿಗೆಯ ಪಕ್ಕದಲ್ಲಿಟ್ಟು ನೋಡೋಣ. ಒಬ್ಬರೇ ದುಡಿಯುವ ಸ್ಟುಡಿಯೊ ಎಂದಿಟ್ಟುಕೊಳ್ಳಿ. ಒಂದು ವಿದ್ಯುತ್ ತಿಗರಿ, ಒಂದು ವಿದ್ಯುತ್ ಆವಿಗೆ. ಆವಿಗೆಯ ಒಳಗಿನ ಜಾಗ 45 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 60 ಸೆಂಟಿಮೀಟರ್ ಎತ್ತರ. ಮಾಡುವುದು ಹಿಡಿಯಿರುವ ಮಾಮೂಲಿ ಚಹಾ ಕಪ್ಪು, ಸುಟ್ಟ ಮೇಲೆ 9 ಸೆಂಟಿಮೀಟರ್ ಎತ್ತರ. ಗ್ಲೇಜ್ ಹಚ್ಚಿದ ಪಾತ್ರೆಗಳು ಒಂದಕ್ಕೊಂದು ತಾಗಬಾರದು, ಏಕೆಂದರೆ ಕರಗಿದ ಗ್ಲೇಜ್ ಅಂಟಾಗಿ ಎರಡನ್ನೂ ಕೂಡಿಸಿಬಿಡುತ್ತದೆ. ಹಿಡಿಗಳನ್ನು ಓರೆಯಾಗಿ ತಿರುಗಿಸಿ ಜೋಡಿಸಿದರೆ ಒಂದು ಹಲಗೆಯ ಮೇಲೆ 16 ಕಪ್ಪು ಕೂರಬಹುದು. ಹಲಗೆಯ ದಪ್ಪ ಮತ್ತು ಮೇಲೆ ಬಿಡಬೇಕಾದ ಸಂದು ಸೇರಿ ಒಂದು ಅಂತಸ್ತಿಗೆ 12 ಸೆಂಟಿಮೀಟರ್, ಅಂದರೆ ಐದು ಅಂತಸ್ತು, 80 ಕಪ್ಪು. ಹತ್ತರಲ್ಲಿ ಒಂದು ಕೆಡುತ್ತದೆ ಎಂದು ಹಿಡಿದರೆ ಕೈಗೆ ಸಿಗುವುದು 72. ಸಾವಿರ ಮಂದಿಗೂ ಒಂದೊಂದು ಕಪ್ಪು ಎಂದರೆ 14 ಸಲ ಗ್ಲೇಜ್ ಸುಡಬೇಕು. ಅದಕ್ಕೂ ಮೊದಲು ಇಷ್ಟೂ ಕಪ್ಪುಗಳನ್ನು ಗ್ಲೇಜ್ ಇಲ್ಲದೆ ಒಂದು ಸುತ್ತು ಸುಟ್ಟಿರಬೇಕು. ಆ ಸುತ್ತಿನಲ್ಲಿ ಪಾತ್ರೆಗಳು ತಾಗಬಹುದು, ಒಂದರ ಮೇಲೊಂದು ಬಾಯಿಗೆ ಬಾಯಿ ಸೇರಿಸಿ ಇಡಬಹುದು, ಹಾಗಾಗಿ ಹತ್ತು ಸಲದಲ್ಲಿ ಮುಗಿದೀತು. ಒಟ್ಟು 24 ಸುಡುವಿಕೆ. ಬಿಸಿ ಏರಲು ಒಂದು ಹಗಲು, ಆರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾದ್ದರಿಂದ ಪ್ರತಿ ಸುಡುವಿಕೆ ಎರಡು ದಿನ ತಿನ್ನುತ್ತದೆ. ಆವಿಗೆಗೆ ಒಂದು ದಿನವೂ ಬಿಡುವು ಕೊಡದಿದ್ದರೆ 48 ದಿನ. ಕಪ್ಪಿಗೆ 400 ಗ್ರಾಂ ಮಣ್ಣಿನಂತೆ, ಕೆಡುವುದನ್ನೂ ಸೇರಿಸಿದರೆ ಸುಮಾರು 440 ಕೆ.ಜಿ. ಮಣ್ಣು.

ಸಾವಿರ ಮಂದಿಯೂ ಕೊಳ್ಳುವುದಿಲ್ಲ, ನಿಜ. ಐದರಲ್ಲಿ ಒಬ್ಬರು ಕೇಳಿದರು ಎನ್ನೋಣ. ಇನ್ನೂರು ಕಪ್ಪಿಗೆ ಮೂರು ಗ್ಲೇಜ್ ಸುಡುವಿಕೆ, ಅದರ ಹಿಂದೆ ಮೊದಲ ಸುತ್ತಿನ ಎರಡು ಸುಡುವಿಕೆ ಬೇಕು. ಕೈಕೆಲಸದ ಲೆಕ್ಕ ಬೇರೆ. ನುರಿತವರು ದಿನಕ್ಕೆ 40 ಕಪ್ಪು ಎತ್ತುತ್ತಾರೆ ಎಂದುಕೊಂಡರೂ, ಮರುದಿನ ಅರೆ ಒಣಗಿದ ಹದದಲ್ಲಿ ಅಡಿ ಕೆತ್ತಿ, ಹಿಡಿ ಎಳೆದು ಅಂಟಿಸುವ ಕೆಲಸ ಅದಕ್ಕಿಂತ ನಿಧಾನ. ಆಮೇಲೆ ಒಂದು ವಾರ ಒಣಗಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಒಣಗಿಸುವುದನ್ನು ಅವಸರ ಮಾಡುವಂತಿಲ್ಲ. ತೇವ ಉಳಿದ ಪಾತ್ರೆ ಆವಿಗೆಯಲ್ಲಿ 100 ಡಿಗ್ರಿ ದಾಟುತ್ತಿದ್ದಂತೆ ಒಳಗಿನ ನೀರು ಹಬೆಯಾಗಿ, ಹೊರಬರಲು ದಾರಿ ಸಾಲದೆ, ಪಾತ್ರೆಯನ್ನು ಸಿಡಿಸುತ್ತದೆ. ಆ ಚೂರುಗಳು ಅಕ್ಕಪಕ್ಕದವನ್ನೂ ಕೆಡಿಸುತ್ತವೆ. ಹೀಗೆ ಎಲ್ಲವನ್ನೂ ಕೂಡಿದರೆ ಇನ್ನೂರು ಕಪ್ಪು ಒಬ್ಬರಿಗೆ ಒಂದೂವರೆ ತಿಂಗಳ ಕೆಲಸ, ಅದೂ ಬೇರೇನನ್ನೂ ಮಾಡದಿದ್ದರೆ. ಧನ್ಯವಾದದ ಜೊತೆಗೆ ಇಪ್ಪತ್ತು ಪ್ರತಿಶತ ರಿಯಾಯಿತಿ ಘೋಷಿಸಿದ ಸ್ಟುಡಿಯೊ ಈ ಒಂದೂವರೆ ತಿಂಗಳನ್ನು ಕಡಿಮೆ ಬೆಲೆಗೆ ಮಾರಿಕೊಂಡಿತು. ಎರಡನೇ ವಾರಕ್ಕೆ ‘ನನ್ನ ಆರ್ಡರ್ ಎಲ್ಲಿ’ ಎಂದು ಕೇಳುವವರಿಗೆ ಉತ್ತರಿಸುವ ಪಾಡನ್ನೂ ಅದೇ ಪೋಸ್ಟ್ ತಂದುಕೊಟ್ಟಿತು.

ಹಳ್ಳಿಯ ಕುಂಬಾರರಿಗೆ ಈ ಅಂತರ ಹೀಗೆ ಕಾಡುತ್ತಿರಲಿಲ್ಲ. ಕರ್ನಾಟಕದ ಹಳ್ಳಿಗಳ ಆಯಗಾರ ಪದ್ಧತಿಯಲ್ಲಿ ಕುಂಬಾರರೂ ಆಯಗಾರರಾಗಿದ್ದರು. ಊರಿನ ಮನೆಗಳಿಗೆ ಬೇಕಾದ ಗಡಿಗೆ, ಕುಡಿಕೆ, ಹರವಿಗಳನ್ನು ಕೊಟ್ಟು ಸುಗ್ಗಿಯಲ್ಲಿ ಕಾಳಿನ ಪಾಲು ಪಡೆಯುತ್ತಿದ್ದರು. ಮನೆಗಳೆಷ್ಟು, ಯಾವ ಮನೆಯಲ್ಲಿ ಮದುವೆ ಎಂಬುದು ಮೊದಲೇ ಗೊತ್ತಿರುತ್ತಿತ್ತು, ಆವಿಗೆಯನ್ನು ಅದಕ್ಕೆ ತಕ್ಕಂತೆ ಕಟ್ಟುತ್ತಿದ್ದರು. ಕೊಳ್ಳುವವರೂ ಆವಿಗೆಯ ಹೊಗೆಯನ್ನು ಕಣ್ಣಾರೆ ಕಂಡವರು. ಮಳೆಗಾಲದಲ್ಲಿ ಹೊಸ ಗಡಿಗೆ ಸಿಗುವುದು ಕಷ್ಟ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಪದ್ಧತಿಯಲ್ಲಿ ಜಾತಿಯ ಕಟ್ಟು ಇತ್ತು, ದುಡಿಮೆಗೆ ತಕ್ಕ ಪ್ರತಿಫಲ ಸಿಗದ ಅನ್ಯಾಯವೂ ಇತ್ತು, ಅದು ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಮಾಡುವವರ ಮಿತಿ ಕೊಳ್ಳುವವರಿಗೆ ಕಾಣುತ್ತಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ. ಇನ್‌ಸ್ಟಾಗ್ರಾಂನಲ್ಲಿ ಸೇರಿದ ಸಾವಿರ ಮಂದಿಗೆ ಕಾಣುವುದು ಅರ್ಧ ನಿಮಿಷದಲ್ಲಿ ಮಣ್ಣಿನ ಮುದ್ದೆ ಕಪ್ಪಾಗುವ ವಿಡಿಯೊ. ಅದು ಸುಳ್ಳಲ್ಲ, ಆದರೆ ಇಡೀ ಕೆಲಸದಲ್ಲಿ ಅತ್ಯಂತ ಬೇಗ ಮುಗಿಯುವ ಭಾಗ ಅದು. ಉಳಿದ ಮೂರು ನಾಲ್ಕು ವಾರಗಳನ್ನು ವಿಡಿಯೊ ತೋರಿಸುವುದಿಲ್ಲವಾದ್ದರಿಂದ ಅಕ್ಷರದಲ್ಲಿ ಬರೆದು ಹೇಳಬೇಕಾಗುತ್ತದೆ.

ಹಾಗಾದರೆ ಆ ಪೋಸ್ಟಿನಲ್ಲಿ ಏನಿರಬೇಕು? ಇತ್ತೀಚಿನ ಒಂದು ಸುಡುವಿಕೆಯ ಪೂರ್ತಿ ವರದಿ ಇದ್ದರೆ ಸಾಕು ಎಂದು ನನಗನಿಸುತ್ತದೆ. ಮೇಲಿನ ಸ್ಟುಡಿಯೊದ ಲೆಕ್ಕವನ್ನೇ ಮುಂದುವರಿಸೋಣ. ಎಂಬತ್ತು ಹೋದವು, ಎಪ್ಪತ್ತೆರಡು ಬಂದವು ಎಂದರೆ ಕೆಟ್ಟದ್ದು ಎಂಟು. ಅವನ್ನು ಒಂದೇ ರಾಶಿಯಾಗಿ ನೋಡಬಾರದು, ಪ್ರತಿಯೊಂದೂ ಕೆಲಸದ ಬೇರೆ ಬೇರೆ ಗಳಿಗೆಯಲ್ಲಿ ಕೆಟ್ಟಿದ್ದು. ಮೂರು ಕಪ್ಪುಗಳ ಹಿಡಿ ಬುಡದಲ್ಲಿ ಬಿರಿದಿದೆ ಎಂದಿಟ್ಟುಕೊಳ್ಳಿ. ಕಲ್ಲುಪಾತ್ರೆಯ ಬಗೆಯ ಮಣ್ಣು, ಅಂದರೆ ಸ್ಟೋನ್‌ವೇರ್, ಹಸಿಯಿಂದ ಸುಟ್ಟು ಮುಗಿಯುವಷ್ಟರಲ್ಲಿ ಸುಮಾರು ನೂರಕ್ಕೆ ಹನ್ನೆರಡರಷ್ಟು ಕುಗ್ಗುತ್ತದೆ. 9 ಸೆಂಟಿಮೀಟರ್ ಕಪ್ಪು ಬೇಕೆಂದರೆ ತಿಗರಿಯ ಮೇಲೆ ಹತ್ತು ಸೆಂಟಿಮೀಟರಿಗಿಂತ ತುಸು ಹೆಚ್ಚಾಗಿಯೇ ಎತ್ತಬೇಕು. ಹಿಡಿ ತೆಳುವಾದ್ದರಿಂದ ಬೇಗ ಒಣಗುತ್ತದೆ, ಬೇಗ ಕುಗ್ಗುತ್ತದೆ. ಕಪ್ಪಿನ ಮೈ ಇನ್ನೂ ತೇವವಾಗಿದ್ದು ಕುಗ್ಗದೆ ನಿಂತಿರುತ್ತದೆ. ಎರಡರ ಎಳೆದಾಟ ಅಂಟಿಸಿದ ಜಾಗದಲ್ಲಿ ಬಿರುಕಾಗುತ್ತದೆ. ಇದಕ್ಕೆ ಮದ್ದು ಸರಳ: ಎರಡೂ ಒಂದೇ ಹದದಲ್ಲಿರುವಾಗ ಅಂಟಿಸುವುದು, ಆಮೇಲೆ ಪ್ಲಾಸ್ಟಿಕ್ ಹೊದಿಸಿ ನಿಧಾನವಾಗಿ ಒಣಗಿಸುವುದು. ಬೇಡಿಕೆಯ ಒತ್ತಡದಲ್ಲಿ ಕುಂಬಾರರು ಮೊದಲು ಬಿಡುವುದೂ ಇದನ್ನೇ.

ಇನ್ನೊಂದು ಕಪ್ಪಿನ ತಳದಲ್ಲಿ ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿದ ಸೀಳು. ತಿಗರಿಯ ಮೇಲೆ ಗೋಡೆ ಎತ್ತುವಾಗ ಬೆರಳುಗಳು ಮಣ್ಣನ್ನು ಒತ್ತುತ್ತವೆ. ತಳದ ನಡುಭಾಗವನ್ನು ಬೇರೆಯಾಗಿ ಒತ್ತದೆ ಬಿಟ್ಟರೆ, ಅಥವಾ ಅಲ್ಲಿ ನೀರು ನಿಂತುಬಿಟ್ಟರೆ, ಆ ಜಾಗ ಸಡಿಲವಾಗಿ ಉಳಿದು ಕುಗ್ಗುವಾಗ ಸೀಳುತ್ತದೆ. ಹಸಿಯಲ್ಲಿ ಇದು ಕಾಣಿಸುವುದೇ ಕಡಿಮೆ. ಒಣಗಿದಾಗ ಕೂದಲೆಳೆ, ಸುಟ್ಟಾಗ ಉಗುರು ಹೋಗುವಷ್ಟು. ಎರಡು ಕಪ್ಪುಗಳಲ್ಲಿ ಗ್ಲೇಜ್ ಅಲ್ಲಲ್ಲಿ ಹಿಂದೆ ಸರಿದು ಬೋಳು ಮಣ್ಣು ಕಾಣುತ್ತಿದೆ. ಮೊದಲ ಸುತ್ತು ಸುಟ್ಟ ಪಾತ್ರೆಯ ಮೇಲೆ ಧೂಳೋ ಕೈಯ ಎಣ್ಣೆಜಿಡ್ಡೋ ಉಳಿದಿದ್ದರೆ ಕರಗಿದ ಗ್ಲೇಜ್ ಅಲ್ಲಿ ನೆಲೆಯೂರದೆ ಸರಿಯುತ್ತದೆ. ಗ್ಲೇಜ್ ಅತಿ ದಪ್ಪವಾಗಿ ಕುಳಿತು ಒಣಗುವಾಗಲೇ ಬಿರಿದಿದ್ದರೂ ಹೀಗಾಗುತ್ತದೆ. ಹಾಗಾಗಿ ಹಚ್ಚುವ ಮೊದಲು ಒದ್ದೆ ಸ್ಪಂಜಿನಿಂದ ಒರೆಸುವುದು ರೂಢಿ. ಉಳಿದ ಎರಡು ಕಪ್ಪುಗಳ ಗ್ಲೇಜ್ ಕೆಳಗೆ ಹರಿದು ಹಲಗೆಗೇ ಅಂಟಿಕೊಂಡಿದೆ. ಒಂದೋ ಬುಡದವರೆಗೂ ದಪ್ಪ ಹಚ್ಚಿದ್ದಾರೆ, ಇಲ್ಲವೇ ಆವಿಗೆಯ ಆ ಮೂಲೆ ಉಳಿದ ಕಡೆಗಿಂತ ಹೆಚ್ಚು ಕಾದಿದೆ. ಕೊನೆಯ ಕಾರಣವನ್ನು ಪತ್ತೆ ಮಾಡಲೆಂದೇ ಕುಂಬಾರರು ಆವಿಗೆಯ ಬೇರೆ ಬೇರೆ ಅಂತಸ್ತಿನಲ್ಲಿ ಕೋನ್ ಎಂಬ ಪುಟ್ಟ ಕಡ್ಡಿಗಳನ್ನು ಇಡುತ್ತಾರೆ. ಗೊತ್ತಾದ ಕಾವಿಗೆ ಅವು ಬಾಗುತ್ತವೆ. ಮಾಪಕ ಹೇಳುವುದು ಆ ಗಳಿಗೆಯ ಉಷ್ಣತೆಯನ್ನು ಮಾತ್ರ. ಎಷ್ಟು ಹೊತ್ತು ಎಷ್ಟು ಕಾವು ಮಣ್ಣಿಗೆ ತಟ್ಟಿತು ಎಂಬುದನ್ನು ಕೋನ್ ಹೇಳುತ್ತದೆ. ಸ್ಟೋನ್‌ವೇರ್ ಸ್ಟುಡಿಯೊಗಳಲ್ಲಿ ಹೆಚ್ಚಾಗಿ ಬಳಸುವ 6ನೇ ಸಂಖ್ಯೆಯ ಕೋನ್ ಬಾಗುವುದು ಸುಮಾರು 1220 ಡಿಗ್ರಿಯ ಆಸುಪಾಸಿನಲ್ಲಿ. ಮೇಲಂತಸ್ತಿನ ಕೋನ್ ಪೂರ್ತಿ ಮಲಗಿ ಕೆಳಗಿನದು ಅರ್ಧ ಮಾತ್ರ ಬಾಗಿದ್ದರೆ, ಒಂದೇ ಗ್ಲೇಜಿನ ಎರಡು ಕಪ್ಪು ಎರಡು ಬಣ್ಣದಲ್ಲಿ ಬಂದದ್ದೇಕೆ ಎಂಬುದಕ್ಕೆ ಅದೇ ಉತ್ತರ.

ಇಷ್ಟನ್ನು ಒಂದು ಧನ್ಯವಾದದ ಪೋಸ್ಟಿನಲ್ಲಿ ಹೇಳಿದರೆ ಏನು ಪ್ರಯೋಜನ? ಕೊಳ್ಳುವವರಿಗೆ ದೋಷ ಯಾವುದು, ಸ್ವಭಾವ ಯಾವುದು ಎಂದು ಬೇರ್ಪಡಿಸುವ ಕಣ್ಣು ಬರುತ್ತದೆ. ಚಿತ್ರದಲ್ಲಿ ಕಂಡ ಹಸಿರಿಗಿಂತ ಬಂದ ಕಪ್ಪಿನ ಹಸಿರು ತುಸು ಕಂದಾಗಿದ್ದರೆ ಅದು ಅಂತಸ್ತಿನ ವ್ಯತ್ಯಾಸ, ಮೋಸವಲ್ಲ. ಹೊರಮೈಯಲ್ಲಿ ಸೂಜಿಮೊನೆಯಷ್ಟು ರಂಧ್ರ ಇದ್ದರೆ ನೋಟದ ಕೊರತೆ ಅಷ್ಟೇ. ಆದರೆ ಹಿಡಿಯ ಬುಡದಲ್ಲಿ ಕೂದಲೆಳೆಯ ಬಿರುಕಿದ್ದರೂ ಅದನ್ನು ಯಾವ ಬೆಲೆಗೂ ಮಾರಬಾರದು, ಏಕೆಂದರೆ ಕುದಿಯುವ ಚಹಾ ತುಂಬಿದ ಕಪ್ಪಿನ ಭಾರವನ್ನು ಹೊರುವುದು ಆ ಜಾಗವೇ. ಒಳಮೈಯಲ್ಲಿ ಬಲೆಯಂತೆ ಹರಡುವ ಸಣ್ಣ ಗೀರುಗಳ ವಿಷಯದಲ್ಲೂ ಎಚ್ಚರ ಬೇಕು. ಆರುವಾಗ ಗ್ಲೇಜ್ ತನ್ನ ಕೆಳಗಿನ ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಹೀಗೆ ಬಿರಿಯುತ್ತದೆ. ಆವಿಗೆ ತೆರೆದ ಮೇಲೆ ಪಾತ್ರೆಗಳಿಂದ ‘ಟಿಣ್’ ಎಂಬ ಸಣ್ಣ ಸದ್ದು ಕೇಳಿಬರುವುದು ಇದೇ ಕಾರಣಕ್ಕೆ, ಎಷ್ಟೋ ಸಲ ಈ ಬಿರುಕು ತಿಂಗಳುಗಳ ನಂತರವೂ ಕಾಣಿಸಿಕೊಳ್ಳುತ್ತದೆ. ಹೂದಾನಿಯಲ್ಲಿ ಅದು ಅಂದ, ಕೆಲವರು ಬೇಕೆಂದೇ ಮಾಡುತ್ತಾರೆ. ಊಟದ ಪಾತ್ರೆಯಲ್ಲಿ ಮಾತ್ರ, ಅದರಲ್ಲೂ ಮಣ್ಣು ಪೂರ್ತಿ ಬಿಗಿಯಾಗದೆ ನೀರು ಹೀರುವಂತಿದ್ದರೆ, ಆ ಗೀರುಗಳಲ್ಲಿ ಚಹಾದ ಕಲೆ, ಎಣ್ಣೆ, ಕೊಳೆ ಕೂರುತ್ತವೆ, ತೊಳೆದರೂ ಹೋಗುವುದಿಲ್ಲ. ‘ಸೆಕೆಂಡ್ಸ್’ ಎಂದು ಕಡಿಮೆ ಬೆಲೆಗೆ ಮಾರುವ ಸ್ಟುಡಿಯೊಗಳು ಯಾವ ದೋಷದ್ದನ್ನು ಮಾರುತ್ತೇವೆ, ಯಾವುದನ್ನು ಒಡೆದು ಹಾಕುತ್ತೇವೆ ಎಂದು ಸ್ಪಷ್ಟವಾಗಿ ಬರೆಯುವುದು ಸಾವಿರ ಮಂದಿಗೂ ಉಪಕಾರ.

ಇದಕ್ಕೆ ಬರುವ ಮೊದಲ ಆಕ್ಷೇಪ, ಕೆಟ್ಟದ್ದರ ಪಟ್ಟಿ ಕೊಟ್ಟರೆ ಜನ ಹೆದರಿ ಕೊಳ್ಳುವುದನ್ನೇ ಬಿಡುತ್ತಾರೆ ಎಂಬುದು. ನೂರಾರು ರೂಪಾಯಿ ಕೊಟ್ಟು ಕಪ್ಪು ಕೊಳ್ಳುವವರಿಗೆ ಕುಂಬಾರರ ತಪ್ಪುಗಳ ಕಥೆ ಏಕೆ ಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಬೆಲೆ ಏಕೆ ಎಂಬ ಪ್ರಶ್ನೆಯೂ ಅದೇ ಕೊಳ್ಳುವವರದ್ದು. ಅಂಗಡಿಯಲ್ಲಿ ಅಚ್ಚಿನ ಕಪ್ಪು ಬಹಳ ಅಗ್ಗವಾಗಿ ಸಿಗುವಾಗ ಕೈಯಲ್ಲಿ ಮಾಡಿದ್ದಕ್ಕೆ ಹಲವು ಪಟ್ಟು ಹೆಚ್ಚು ಕೊಡುವವರಿಗೆ ಎರಡು ಸಲ ಸುಡುವುದು, ಹತ್ತರಲ್ಲಿ ಒಂದು ಹಾಳಾಗುವುದು, ಉಳಿದ ಒಂಬತ್ತು ಆ ಒಂದರ ಖರ್ಚನ್ನೂ ಹೊರುವುದು ತಿಳಿದಿರಬೇಕು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ನಮಗೆಲ್ಲ ಗೊತ್ತು. ಅದರ ದೊಣ್ಣೆ ಹೊರಗಿನಿಂದ ಬರುತ್ತದೆ. ಆವಿಗೆಯೊಳಗಿನ ನಷ್ಟ ಕಾಣದ ನಷ್ಟ, ಅದನ್ನು ಕಾಣಿಸದೆ ಬೆಲೆಯನ್ನು ಸಮರ್ಥಿಸುವ ಬೇರೆ ಪ್ರಾಮಾಣಿಕ ದಾರಿ ನನಗೆ ತೋರುತ್ತಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯದು. ಗಿವ್‌ಅವೇ ಮಾಡಿದರೆ ಸಾವಿರ ಎರಡು ಸಾವಿರವಾಗುತ್ತದೆ, ಬೆಳೆಯದೆ ಸ್ಟುಡಿಯೊ ಬದುಕುವುದು ಹೇಗೆ ಎಂದು ಕೇಳುತ್ತಾರೆ. ಸಂಖ್ಯೆ ಬೆಳೆಯುವುದು ನಿಜ. ಆವಿಗೆ ಮಾತ್ರ ಹಾಗೇ ಇರುತ್ತದೆ. ಅದನ್ನೂ ಬೆಳೆಸಬೇಕೆಂದರೆ ಕೆಲಸದ ಸ್ವರೂಪವೇ ಬದಲಾಗಬೇಕು. ಬರ್ನಾರ್ಡ್ ಲೀಚ್ ಮತ್ತು ಜಪಾನಿನ ಶೋಜಿ ಹಮಾದ 1920ರಲ್ಲಿ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಕಟ್ಟಿದ ಕುಂಬಾರಿಕೆ ಕಾರ್ಯಾಗಾರದ ಚರಿತ್ರೆ ಇಲ್ಲಿ ನೆನಪಿಸಿಕೊಳ್ಳುವಂಥದ್ದು. ಮೊದಲ ವರ್ಷಗಳಲ್ಲಿ ಒಂದೊಂದೇ ಪಾತ್ರೆಯ ಮಾರಾಟವನ್ನು ನೆಚ್ಚಿ ಹಣಕ್ಕಾಗಿ ಪರದಾಡಿದ ಆ ಕಾರ್ಯಾಗಾರ ಮುಂದೆ ‘ಸ್ಟಾಂಡರ್ಡ್ ವೇರ್’ ಎಂಬ ನಿಗದಿತ ಅಡುಗೆ-ಊಟದ ಪಾತ್ರೆಗಳ ಸಾಲನ್ನು ತಯಾರಿಸಿತು. ಶಿಷ್ಯರ ತಂಡ ಅವೇ ಆಕಾರಗಳನ್ನು ಮತ್ತೆ ಮತ್ತೆ ಮಾಡುತ್ತಿತ್ತು. ಮುದ್ರಿತ ಕ್ಯಾಟಲಾಗ್ ನೋಡಿ ದೂರದವರು ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದರು. ಅಂದರೆ ಹೆಚ್ಚು ಮಂದಿಗೆ ಪಾತ್ರೆ ಮುಟ್ಟಿಸಲು ಬೇಕಾದದ್ದು ಹೆಚ್ಚು ಕೈಗಳು, ಬದಲಾಗದ ಆಕಾರಗಳು, ಏನು ಸಿಗುತ್ತದೆ ಏನು ಸಿಗುವುದಿಲ್ಲ ಎಂದು ಮೊದಲೇ ಹೇಳುವ ಒಂದು ಪಟ್ಟಿ. ಒಬ್ಬರೇ ದುಡಿಯುತ್ತ, ಕೇಳಿದವರಿಗೆಲ್ಲ ಕೇಳಿದ ಆಕಾರ ಮಾಡಿಕೊಡುತ್ತ ಎರಡು ಸಾವಿರಕ್ಕೆ ಹೋಗುವ ಸ್ಟುಡಿಯೊಗೆ ಈ ಮೂರೂ ಇರುವುದಿಲ್ಲ. ಅಚ್ಚಿಗೆ ಮಣ್ಣಿನ ಗಂಜಿ ಸುರಿದು ಮಾಡುವ ಹಾದಿಯೂ ಇದೆ, ಅದು ಕೀಳಲ್ಲ. ಆದರೆ ತಿಗರಿಯ ವಿಡಿಯೊ ನೋಡಿ ಬಂದವರಿಗೆ ಅದನ್ನು ತಿಳಿಸಿಯೇ ಆ ಹಾದಿ ಹಿಡಿಯಬೇಕು.

ಓದುವ ತಾಳ್ಮೆ ಯಾರಿಗಿದೆ ಎನ್ನುವವರೂ ಇದ್ದಾರೆ. ಇದಕ್ಕೆ ಉದ್ದದ ಬರಹವೇನೂ ಬೇಕಿಲ್ಲ. ಆವಿಗೆ ತೆರೆದಾಗಿನ ಒಂದು ಚಿತ್ರ, ಕೆಟ್ಟ ಎಂಟನ್ನು ಸಾಲಾಗಿ ಇಟ್ಟ ಇನ್ನೊಂದು, ಪ್ರತಿಯೊಂದರ ಕೆಳಗೆ ಒಂದು ಸಾಲು ಕಾರಣ, ಈಗ ಆರ್ಡರ್ ಕೊಟ್ಟರೆ ಎಷ್ಟು ವಾರ ಎಂಬ ಒಂದು ಸಾಲು. ಯಾವ ಜಾಹೀರಾತೂ ಇಲ್ಲದೆ ಸಣ್ಣ ಸ್ಟುಡಿಯೊವೊಂದರ ಬೆನ್ನು ಹಿಡಿದ ಮೊದಲ ಸಾವಿರ ಮಂದಿಯಲ್ಲಿ ಪರಿಚಯದವರು, ತರಗತಿಗೆ ಬಂದುಹೋದವರು, ತಾವೇ ಮಣ್ಣು ಮುಟ್ಟುವ ಹವ್ಯಾಸಿಗಳು ಇರುತ್ತಾರೆ. ಇಂಥ ಚಿತ್ರವನ್ನು ನಿಂತು ನೋಡುವವರು ಯಾರಾದರೂ ಇದ್ದರೆ ಅದು ಇವರೇ.

ಗ್ಲೇಜಿನ ಸುರಕ್ಷತೆಯ ಮಾತನ್ನು ಮಾತ್ರ ಒಂದು ಸಾಲಿನಲ್ಲಿ ಮುಗಿಸಬಾರದು. ‘ಫುಡ್ ಸೇಫ್’ ಎಂದು ಬರೆದುಬಿಡುವುದು ಸುಲಭ. ಕಡಿಮೆ ಕಾವಿನಲ್ಲಿ ಕರಗಿಸಲು ಸೀಸ ಬೆರೆಸಿದ ಗ್ಲೇಜ್‌ಗಳು ಹಿಂದೆ ಬಳಕೆಯಲ್ಲಿದ್ದವು, ಅವು ಹುಳಿ ಪದಾರ್ಥಕ್ಕೆ ಸೀಸ ಬಿಡುತ್ತವೆ. ಸೀಸವಿಲ್ಲದಿದ್ದರೂ ತಾಮ್ರ ಹೆಚ್ಚಿರುವ ಹಸಿರು ಗ್ಲೇಜ್ ಸರಿಯಾಗಿ ಗಾಜಾಗದಿದ್ದರೆ ನಮ್ಮ ಹುಣಸೆಹುಳಿಯ ಸಾರಿಗೆ, ನಿಂಬೆಯ ಪಾನಕಕ್ಕೆ ತಾಳಿಕೊಳ್ಳುವುದಿಲ್ಲ. ಸ್ಟುಡಿಯೊದಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ: ಪಾತ್ರೆಗೆ ವಿನೆಗರ್ ತುಂಬಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಆ ಜಾಗದ ಬಣ್ಣ ಮಾಸಿದೆಯೇ, ಹೊಳಪು ಕುಂದಿದೆಯೇ ನೋಡುವುದು. ಬದಲಾಗಿದ್ದರೆ ಆ ಗ್ಲೇಜನ್ನು ಊಟದ ಪಾತ್ರೆಗೆ ಬಳಸಬಾರದು. ಬದಲಾಗದಿದ್ದರೆ ಅದು ಸುರಕ್ಷಿತ ಎಂದು ಸಾಬೀತಾಗಲಿಲ್ಲ, ಈ ಒಂದು ಪರೀಕ್ಷೆಯಲ್ಲಿ ಸೋಲಲಿಲ್ಲ ಅಷ್ಟೇ. ಸೀಸದ ವಿಷಯದಲ್ಲಿ ಪ್ರಯೋಗಾಲಯದ ಪರೀಕ್ಷೆಗೆ ಬದಲಿ ಇಲ್ಲ. ಯಾವ ಗ್ಲೇಜನ್ನು ಹೇಗೆ ಪರೀಕ್ಷಿಸಿದ್ದೇವೆ ಎಂದು ಹೇಳುವ ಸ್ಟುಡಿಯೊ ತನ್ನ ಸಾವಿರ ಮಂದಿಯ ಆರೋಗ್ಯವನ್ನು ಗೌರವಿಸಿದಂತೆ.

ಇನ್ನು ಆ ಸಾವಿರದಲ್ಲಿ ಒಬ್ಬರಾಗಿರುವ ಓದುಗರಿಗೆ ಒಂದು ಕೋರಿಕೆ. ಕೈಯಲ್ಲಿ ಮಾಡಿದ ಕಪ್ಪು ಮನೆಗೆ ಬಂದ ದಿನ ಅದಕ್ಕೆ ನೀರು ತುಂಬಿ, ಕೆಳಗೆ ಪತ್ರಿಕೆಯ ಒಂದು ಹಾಳೆ ಹಾಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದದ ಮೇಲೆ ಒದ್ದೆಯ ಉಂಗುರ ಮೂಡಿದ್ದರೆ ಮಣ್ಣು ಪೂರ್ತಿ ಬಿಗಿಯಾಗಿಲ್ಲ, ಇಲ್ಲವೇ ಎಲ್ಲೋ ಬಿರುಕಿದೆ. ಅದರ ಅಡಿಯ ಚಿತ್ರ ತೆಗೆದು, ಹೊರಗೆಲ್ಲೂ ಹಾಕುವ ಮೊದಲು ಮಾಡಿದವರಿಗೇ ಕಳುಹಿಸಿ. ಯಾವ ಸುಡುವಿಕೆಯದು, ಯಾವ ಅಂತಸ್ತಿನದು ಎಂದು ಅವರು ತಮ್ಮ ಪುಸ್ತಕ ತೆಗೆದು ನೋಡಲಿ. ಅದೇ ಆವಿಗೆಯಿಂದ ಬಂದ ಉಳಿದ ಕಪ್ಪುಗಳು ಬೇರೆ ಮನೆಗಳಲ್ಲಿವೆ, ಆ ಮನೆಯವರಿಗೂ ತಿಳಿಸಬೇಕಾಗುತ್ತದೆ.